ದುರ್ಬಲ ಗ್ರಿಡ್‌ಗೆ ಸೋಲಾರ್ ಪ್ಲಾಂಟ್ ಜೋಡಿಸುವುದು: ಶಾರ್ಟ್ ಸರ್ಕ್ಯೂಟ್ ರೇಷಿಯೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಟ್ ಸರ್ಕ್ಯೂಟ್ ರೇಷಿಯೋ ಅಂದರೆ ಏನು?

ಪ್ಲಾಂಟ್ ಗ್ರಿಡ್‌ಗೆ ಸೇರುವ ಜಾಗದಲ್ಲಿ ಮೂರೂ ಫೇಸ್ ಶಾರ್ಟ್ ಆದರೆ ಗ್ರಿಡ್ ಎಷ್ಟು ಎಂವಿಎ ಕೊಡಬಲ್ಲದು ಅನ್ನುವುದು ಅಲ್ಲಿನ ಫಾಲ್ಟ್ ಲೆವೆಲ್. ಅದನ್ನು ಪ್ಲಾಂಟ್‌ನ ಮೆಗಾವ್ಯಾಟ್‌ನಿಂದ ಭಾಗಿಸಿದರೆ ಬರುವುದೇ ಶಾರ್ಟ್ ಸರ್ಕ್ಯೂಟ್ ರೇಷಿಯೋ. ಎಲ್ಲರೂ ಎಸ್‌ಸಿಆರ್ ಅಂತಲೇ ಕರೆಯುತ್ತಾರೆ.

```
SCR = S_sc / P
S_sc = V² / X
```

ಇಲ್ಲಿ V ಅಂದರೆ ಲೈನ್ ವೋಲ್ಟೇಜ್, X ಅಂದರೆ ಆ ಜಾಗದಿಂದ ಹಿಂದಕ್ಕೆ ನೋಡಿದಾಗ ಕಾಣುವ ಗ್ರಿಡ್‌ನ ರಿಯಾಕ್ಟೆನ್ಸ್. ನಿಜವಾಗಿ ಫಾಲ್ಟ್ ಆದಾಗ ಏನಾಗುತ್ತದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಗ್ರಿಡ್ ಎಷ್ಟು ಗಟ್ಟಿ ಅಂತ ಅಳೆಯಲು ಫಾಲ್ಟ್ ಲೆವೆಲ್ ಸುಲಭವಾಗಿ ಸಿಗುವ ಅಂಕಿ, ಅಷ್ಟೇ. ಊರಾಚೆಯ ತೋಟದಲ್ಲಿ ಪಂಪ್‌ಸೆಟ್ ಹಾಕಿದ ಕೂಡಲೇ ಅಲ್ಲಿನ ಬಲ್ಬ್ ಮಂಕಾಗುವುದನ್ನು ನೋಡಿರುತ್ತೀರಿ. ಅದೇ ಪಂಪ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದರೆ ಬಲ್ಬ್‌ಗೆ ಗೊತ್ತೇ ಆಗುವುದಿಲ್ಲ. ಉದ್ದದ ತಂತಿಯ ತುದಿಯಲ್ಲಿ X ಜಾಸ್ತಿ, ಫಾಲ್ಟ್ ಲೆವೆಲ್ ಕಡಿಮೆ.

ಒಂದು ಲೆಕ್ಕ ಹಾಕಿ ತೋರಿಸಬಹುದಾ?

ಆಗಬಹುದು. ಅಂಕಿಗಳು ಕಲ್ಪನೆಯವು, ಆದರೆ 220 ಕೆವಿ ಲೈನ್‌ಗಳಲ್ಲಿ ಕಾಣುವಂಥವೇ. ಕೆಳಗಿನ ಉತ್ತರಗಳಲ್ಲೆಲ್ಲ ಇದೇ ಪ್ಲಾಂಟ್ ಮತ್ತೆ ಬರುತ್ತದೆ.

ದೊಡ್ಡ ಸಬ್‌ಸ್ಟೇಷನ್ ಒಂದರ 220 ಕೆವಿ ಬಸ್‌ನಲ್ಲಿ, ಅಂದರೆ ಲೈನ್‌ಗಳೆಲ್ಲ ಬಂದು ಸೇರುವ ಕಂಬಿಯಲ್ಲಿ, ಫಾಲ್ಟ್ ಲೆವೆಲ್ 2500 ಎಂವಿಎ ಇದೆ. ಅಲ್ಲಿಂದ 120 ಕಿ.ಮೀ. ದೂರಕ್ಕೆ ಡಬಲ್ ಸರ್ಕ್ಯೂಟ್ ಲೈನ್ ಹೋಗಿದೆ. ಅದರ ತುದಿಯಲ್ಲಿ ನಮ್ಮ 120 ಮೆಗಾವ್ಯಾಟ್ ಪ್ಲಾಂಟ್. ಲೈನ್ ರಿಯಾಕ್ಟೆನ್ಸ್ ಕಿ.ಮೀ.ಗೆ 0.4 ಓಮ್ ಅಂತ ಹಿಡಿಯೋಣ, ರೆಸಿಸ್ಟೆನ್ಸ್ ಬಿಟ್ಟುಬಿಡೋಣ.

ಸಬ್‌ಸ್ಟೇಷನ್ ಹಿಂದಿನ ಗ್ರಿಡ್‌ನ X ಎಂದರೆ 220 × 220 / 2500, ಸುಮಾರು 19.4 ಓಮ್. ಒಂದು ಸರ್ಕ್ಯೂಟ್ 48 ಓಮ್, ಎರಡೂ ಇದ್ದರೆ 24. ಒಟ್ಟು 43.4 ಓಮ್. ಪ್ಲಾಂಟ್ ಬಸ್‌ನಲ್ಲಿ ಫಾಲ್ಟ್ ಲೆವೆಲ್ 1116 ಎಂವಿಎ ಆಯಿತು. 120ರಿಂದ ಭಾಗಿಸಿದರೆ ಎಸ್‌ಸಿಆರ್ 9.3. ನೋಡಿದರೆ ಯಾರಿಗೂ ಚಿಂತೆ ಬರುವುದಿಲ್ಲ.

ಈಗ ಒಂದು ಸರ್ಕ್ಯೂಟ್ ಟ್ರಿಪ್ ಆಯಿತು ಅಥವಾ ಮೇಂಟೆನೆನ್ಸ್‌ಗೆ ಹೋಯಿತು ಅಂದುಕೊಳ್ಳಿ. X 67.4 ಓಮ್ ಆಗುತ್ತದೆ, ಫಾಲ್ಟ್ ಲೆವೆಲ್ 718 ಎಂವಿಎಗೆ ಇಳಿಯುತ್ತದೆ, ಎಸ್‌ಸಿಆರ್ 6. ಇದೂ ಪರವಾಗಿಲ್ಲ.

ಹಾಗಾದರೆ ತೊಂದರೆ ಎಲ್ಲಿ?

ಪಕ್ಕದವರು ಬಂದಾಗ. ಎರಡು ವರ್ಷದ ನಂತರ ಅದೇ ಬಸ್‌ಗೆ ಇನ್ನೊಬ್ಬರು 80 ಮೆಗಾವ್ಯಾಟ್ ಸೋಲಾರ್ ಜೋಡಿಸುತ್ತಾರೆ. ಫಾಲ್ಟ್ ಲೆವೆಲ್ ಬದಲಾಗುವುದಿಲ್ಲ, ಆದರೆ ಅದನ್ನು ಈಗ 200 ಮೆಗಾವ್ಯಾಟ್ ಹಂಚಿಕೊಳ್ಳಬೇಕು. ಎರಡೂ ಲೈನ್ ಇದ್ದಾಗ 5.6, ಒಂದೇ ಇದ್ದಾಗ 3.6. ನಿಮ್ಮ ಪ್ಲಾಂಟ್‌ನಲ್ಲಿ ಒಂದು ನಟ್ಟೂ ಬದಲಾಗಿಲ್ಲ, ಆದರೂ 9.3 ಹೋಗಿ 3.6 ಆಯಿತು.

ಪಕ್ಕದ ಪ್ಲಾಂಟ್‌ನ ಇನ್ವರ್ಟರ್‌ಗಳೂ ಫಾಲ್ಟ್ ಕರೆಂಟ್ ಕೊಡುತ್ತವಲ್ಲ, ಅದನ್ನೂ ಕೂಡಿಸಬಾರದೇ ಅಂತ ಕೆಲವರು ಕೇಳುತ್ತಾರೆ. ಕೂಡಿಸಬಾರದು. ಸಾಮಾನ್ಯ ಇನ್ವರ್ಟರ್ ಕೊಡುವುದು ತನ್ನ ರೇಟೆಡ್ ಕರೆಂಟ್‌ಗಿಂತ ಸ್ವಲ್ಪವೇ ಜಾಸ್ತಿ. ಅದು ವೋಲ್ಟೇಜನ್ನು ಹಿಡಿದು ನಿಲ್ಲಿಸುವುದಿಲ್ಲ, ನಿಮ್ಮ ಇನ್ವರ್ಟರ್ ಹಾಗೆಯೇ ಗ್ರಿಡ್ ವೋಲ್ಟೇಜನ್ನು ಹಿಂಬಾಲಿಸುತ್ತದೆ. ಗಟ್ಟಿತನ ಬರುವುದು ಥರ್ಮಲ್, ಹೈಡ್ರೊ ಜನರೇಟರ್‌ಗಳಂತೆ ಗ್ರಿಡ್ ಜೊತೆ ಹೆಜ್ಜೆ ಹಾಕಿ ತಿರುಗುವ ಸಿಂಕ್ರೊನಸ್ ಯಂತ್ರಗಳಿಂದ ಮತ್ತು ಅವುಗಳಿಗೆ ಹತ್ತಿರವಿರುವುದರಿಂದ.

ಪ್ಲಾಂಟ್‌ಗಳು ಬೇರೆ ಬೇರೆ ಬಸ್‌ಗಳಲ್ಲಿದ್ದು ಹತ್ತಿರವಿದ್ದರೆ ಹೀಗೆ ಸುಮ್ನೆ ಕೂಡಿಸಿ ಭಾಗಿಸಲಾಗದು. ಅದಕ್ಕೆ ತೂಕ ಹಾಕಿದ ಎಸ್‌ಸಿಆರ್ ಇದೆ. ಅಮೆರಿಕದ ಟೆಕ್ಸಾಸ್‌ನ ಪ್ಯಾನ್‌ಹ್ಯಾಂಡಲ್ ಭಾಗದಲ್ಲಿ ಗಾಳಿ ವಿದ್ಯುತ್ತಿನ ರವಾನೆಗೆ ಅಲ್ಲಿನ ಗ್ರಿಡ್ ಸಂಸ್ಥೆ ಎರ್‌ಕಾಟ್ ಮಿತಿ ಹಾಕಿದ್ದು ಇದೇ ಅಳತೆಯಿಂದ. ಆ ಮಿತಿ 1.5 ಇತ್ತು.

ಯಾವ ಫಾಲ್ಟ್ ಲೆವೆಲ್ ತೆಗೆದುಕೊಳ್ಳಬೇಕು? ಸಬ್‌ಸ್ಟೇಷನ್‌ನವರು ಕೊಟ್ಟ ಅಂಕಿ ಸಾಕಾ?

ಕೊಟ್ಟ ಅಂಕಿ ಯಾವುದು ಅಂತ ಮೊದಲು ಕೇಳಿ. ಸಾಮಾನ್ಯವಾಗಿ ಕೈಗೆ ಸಿಗುವುದು ಬ್ರೇಕರ್ ಆಯ್ಕೆಗೆ ಮಾಡಿದ ಲೆಕ್ಕ. ಅದು ಗರಿಷ್ಠ ಫಾಲ್ಟ್ ಲೆವೆಲ್. ಎಲ್ಲ ಜನರೇಟರ್ ಓಡುತ್ತಿವೆ, ಎಲ್ಲ ಲೈನ್ ಜೋಡಣೆಯಲ್ಲಿವೆ ಅಂತ ಹಿಡಿದು ಹಾಕಿದ್ದು. ಬ್ರೇಕರ್‌ಗೆ ಅದು ಸರಿ. ನಮಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಹತ್ತಿರದ ಥರ್ಮಲ್ ಅಥವಾ ಹೈಡ್ರೊ ಯೂನಿಟ್ ನಿಂತಿದೆ, ಒಂದು ಲೈನ್ ಇಲ್ಲ, ಬಿಸಿಲು ಜೋರಾಗಿದೆ. ಸೋಲಾರ್ ಜಾಸ್ತಿಯಾದಷ್ಟೂ ಮಧ್ಯಾಹ್ನದ ಹೊತ್ತು ಸಿಂಕ್ರೊನಸ್ ಯೂನಿಟ್‌ಗಳನ್ನು ತಗ್ಗಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಹಾಗಾಗಿ ಪ್ಲಾಂಟ್ ಪೂರ್ತಿ ಓಡುವ ಹೊತ್ತು ಮತ್ತು ಗ್ರಿಡ್ ಸೊರಗುವ ಹೊತ್ತು ಒಂದೇ ಆಗಿಬಿಡಬಹುದು.

5 ಇರಬೇಕು ಅನ್ನುತ್ತಾರೆ, 3 ಸಾಕು ಅನ್ನುತ್ತಾರೆ. ಯಾವುದು ಸರಿ?

ಎರಡೂ ಬೇರೆ ಬೇರೆ ಕಡೆಯಿಂದ ಬಂದ ಅಂಕಿಗಳು. 3ಕ್ಕಿಂತ ಮೇಲೆ ಗಟ್ಟಿ, 2ರಿಂದ 3 ದುರ್ಬಲ, 2ಕ್ಕಿಂತ ಕೆಳಗೆ ತೀರಾ ದುರ್ಬಲ ಅನ್ನುವ ವಿಂಗಡಣೆ ಎಚ್‌ವಿಡಿಸಿ, ಅಂದರೆ ಅಧಿಕ ವೋಲ್ಟೇಜ್ ಡಿಸಿ ರವಾನೆಯ ಲೋಕದ್ದು. ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2019ರಲ್ಲಿ ಗ್ರಿಡ್ ಜೋಡಣೆಯ ತಾಂತ್ರಿಕ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಸೇರುವ ಜಾಗದಲ್ಲಿ ಎಸ್‌ಸಿಆರ್ 5ಕ್ಕಿಂತ ಕಡಿಮೆ ಇರಬಾರದು ಅಂತಿದೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಅಂಕಿಗಳನ್ನು ಪಾಸ್ ಮಾರ್ಕ್ ಅಂತ ನೋಡಬಾರದು. ಇನ್ವರ್ಟರ್ ಇರುವುದು 220 ಕೆವಿ ಬಸ್‌ನಲ್ಲಲ್ಲ. ನಡುವೆ ಪವರ್ ಟ್ರಾನ್ಸ್‌ಫಾರ್ಮರ್, 33 ಕೆವಿ ಕೇಬಲ್, ಇನ್ವರ್ಟರ್ ಟ್ರಾನ್ಸ್‌ಫಾರ್ಮರ್ ಎಲ್ಲ ಇವೆ. ನಮ್ಮ ಉದಾಹರಣೆಯಲ್ಲಿ 200 ಮೆಗಾವ್ಯಾಟನ್ನು ಆಧಾರವಾಗಿ ಹಿಡಿದರೆ ಬಸ್‌ನ 3.6 ಅಂದರೆ ಗ್ರಿಡ್ X 1/3.6, ಅಂದರೆ 0.28 ಪರ್ ಯೂನಿಟ್. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ 0.12, ಚಿಕ್ಕದಕ್ಕೆ 0.07, ಕೇಬಲ್‌ಗೆ 0.01 ಸೇರಿಸಿ. ಒಟ್ಟು 0.48. ಇನ್ವರ್ಟರ್ ಟರ್ಮಿನಲ್‌ನಲ್ಲಿ ಎಸ್‌ಸಿಆರ್ ಸುಮಾರು 2.1 ಅಷ್ಟೇ. ಇನ್ವರ್ಟರ್ ಕಂಪನಿಯವರು 'ನಮ್ಮದು ಎಸ್‌ಸಿಆರ್ 2ರವರೆಗೂ ಓಡುತ್ತದೆ' ಅಂದಾಗ, ಯಾವ ಜಾಗದಲ್ಲಿ ಅಳೆದ 2 ಅಂತ ಕೇಳಲೇಬೇಕು.

ಎಸ್‌ಸಿಆರ್ ಕಡಿಮೆಯಾದರೆ ವೋಲ್ಟೇಜ್‌ಗೆ ನಿಜವಾಗಿ ಏನಾಗುತ್ತದೆ?

ಮೊದಲನೆಯದು, ವೋಲ್ಟೇಜ್ ಬೇಗ ಅಲುಗುತ್ತದೆ. ರಿಯಾಕ್ಟಿವ್ ಪವರ್ ಬದಲಾದಾಗ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಸರಳ ಅಂದಾಜು ಇದೆ:

```
ΔV ≈ ΔQ / S_sc
```

ದೊಡ್ಡ ಸಬ್‌ಸ್ಟೇಷನ್‌ನ 2500 ಎಂವಿಎ ಬಸ್‌ನಲ್ಲಿ 10 ಎಂವಿಎಆರ್ ರಿಯಾಕ್ಟಿವ್ ಪವರ್ ಕೊಟ್ಟರೆ ವೋಲ್ಟೇಜ್ 0.4% ಏರುತ್ತದೆ. ನಮ್ಮ 718 ಎಂವಿಎ ಬಸ್‌ನಲ್ಲಿ ಅದೇ 10 ಎಂವಿಎಆರ್ 1.4% ಏರಿಸುತ್ತದೆ. ವೋಲ್ಟೇಜ್ ಕಂಟ್ರೋಲರ್‌ನ ಗೇನ್ ಬದಲಿಸದೇ ಇದ್ದರೆ, ಒಂದು ಲೈನ್ ಹೋದ ಕ್ಷಣದಲ್ಲೇ ಅದರ ಪರಿಣಾಮ ಒಂದೂವರೆ ಪಟ್ಟು ಹೆಚ್ಚುತ್ತದೆ. 1116ರಲ್ಲಿ ನೆಟ್ಟಗೆ ನಡೆಯುತ್ತಿದ್ದ ಕಂಟ್ರೋಲರ್ 718ರಲ್ಲಿ ತೂಗಾಡಲು ಶುರು ಮಾಡಬಹುದು.

ಎರಡನೆಯದು ಇನ್ನೂ ಗಂಭೀರ. ಪ್ಲಾಂಟ್ ಪವರ್ ಫ್ಯಾಕ್ಟರ್ 1ರಲ್ಲೇ ಓಡುತ್ತದೆ, ರಿಯಾಕ್ಟಿವ್ ಪವರ್ ಏನೂ ಕೊಡುವುದಿಲ್ಲ ಅಂತಿಟ್ಟುಕೊಳ್ಳಿ. ಕರೆಂಟ್ ಜಾಸ್ತಿಯಾದಂತೆ ಲೈನ್ ತಾನೇ ರಿಯಾಕ್ಟಿವ್ ಪವರ್ ತಿನ್ನುತ್ತದೆ, ಬಸ್ ವೋಲ್ಟೇಜ್ ಇಳಿಯುತ್ತದೆ. ಒಂದು ಹಂತದ ನಂತರ ಕರೆಂಟ್ ಎಷ್ಟು ಏರಿಸಿದರೂ ಪವರ್ ಏರುವುದಿಲ್ಲ, ಬದಲಿಗೆ ಇಳಿಯುತ್ತದೆ. ಪವರ್-ವೋಲ್ಟೇಜ್ ಕರ್ವ್‌ನ ಮೂಗಿನ ತುದಿ ಅನ್ನುವುದು ಇದನ್ನೇ. ರೆಸಿಸ್ಟೆನ್ಸ್ ಬಿಟ್ಟು ಲೆಕ್ಕ ಹಾಕಿದರೆ ಆ ತುದಿಯ ಪವರ್ ಹೀಗೆ ಬರುತ್ತದೆ:

```
P_max = S_sc / 2
```

ಅಂದರೆ ಎಸ್‌ಸಿಆರ್ 2 ಇದ್ದು ಪವರ್ ಫ್ಯಾಕ್ಟರ್ 1ಕ್ಕೆ ಕಟ್ಟಿಹಾಕಿದ್ದರೆ, ಪ್ಲಾಂಟ್‌ನ ಪೂರ್ತಿ ಮೆಗಾವ್ಯಾಟ್ ಬರುವುದು ಮೂಗಿನ ತುದಿಯಲ್ಲೇ. ಆಗ ಸ್ವಲ್ಪ ಅಲುಗಾಡಿದರೂ ವೋಲ್ಟೇಜ್ ಕುಸಿಯುತ್ತದೆ. ಪ್ಲಾಂಟ್ ರಿಯಾಕ್ಟಿವ್ ಪವರ್ ಕೊಟ್ಟು ವೋಲ್ಟೇಜನ್ನು 1 ಪರ್ ಯೂನಿಟ್‌ನಲ್ಲೇ ಹಿಡಿದರೆ ಈ ಮಿತಿ ಇಮ್ಮಡಿಯಾಗುತ್ತದೆ. ಆದ್ದರಿಂದ ದುರ್ಬಲ ಗ್ರಿಡ್‌ನಲ್ಲಿ ಪವರ್ ಫ್ಯಾಕ್ಟರ್ ಮೋಡ್ ಬಿಟ್ಟು ವೋಲ್ಟೇಜ್ ಕಂಟ್ರೋಲ್ ಮೋಡ್‌ಗೆ ಬರಬೇಕು.

ನಮ್ಮ 200 ಮೆಗಾವ್ಯಾಟ್, 3.6ರ ಸ್ಥಿತಿಯಲ್ಲಿ ಪವರ್ ಫ್ಯಾಕ್ಟರ್ 1 ಇಟ್ಟರೆ ಬಸ್ ವೋಲ್ಟೇಜ್ 0.957ಕ್ಕೆ ಇಳಿಯುತ್ತದೆ. 1.0ರಲ್ಲಿ ಹಿಡಿಯಲು ಸುಮಾರು 28 ಎಂವಿಎಆರ್ ಬೇಕು. ಪವರ್ ಫ್ಯಾಕ್ಟರ್ 0.95ರವರೆಗೆ ಹೋಗಲು ಆಗುವ ಪ್ಲಾಂಟ್‌ಗಳಿಗೆ ಸುಮಾರು 66 ಎಂವಿಎಆರ್ ಸಾಮರ್ಥ್ಯ ಇರುತ್ತದೆ. ಅಂದರೆ ನಿಂತ ಸ್ಥಿತಿಯ ಲೆಕ್ಕದಲ್ಲಿ ಇಲ್ಲಿ ಏನೂ ಕೊರತೆ ಇಲ್ಲ. ತೊಂದರೆ ಬರುವುದು ಚಲನೆಯಲ್ಲಿ, ಫಾಲ್ಟ್ ಆಗಿ ಹೋದ ಮೊದಲ ಕೆಲವು ಸೆಕೆಂಡುಗಳಲ್ಲಿ.

ಆ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ?

ಸಾಮಾನ್ಯ ಸೋಲಾರ್ ಇನ್ವರ್ಟರ್ ಗ್ರಿಡ್ ವೋಲ್ಟೇಜ್ ನೋಡಿ ತನ್ನ ಕರೆಂಟಿನ ಕೋನ ಹೊಂದಿಸಿಕೊಳ್ಳುತ್ತದೆ. ಆ ನೋಡುವ ಕೆಲಸ ಪಿಎಲ್‌ಎಲ್‌ನದು, ಅಂದರೆ ಫೇಸ್ ಲಾಕ್ಡ್ ಲೂಪ್. ಗಟ್ಟಿ ಗ್ರಿಡ್‌ನಲ್ಲಿ ವೋಲ್ಟೇಜ್ ಅಲುಗದ ಗುರುತು. ದುರ್ಬಲ ಗ್ರಿಡ್‌ನಲ್ಲಿ ಟರ್ಮಿನಲ್ ವೋಲ್ಟೇಜನ್ನು ಬಹುಪಾಲು ಇನ್ವರ್ಟರ್‌ನ ಕರೆಂಟೇ ಅಲುಗಿಸುತ್ತದೆ. ಕರೆಂಟ್ ಬದಲಾದರೆ ಕೋನ ಸರಿಯುತ್ತದೆ. ಪಿಎಲ್‌ಎಲ್ ಆ ಸರಿದ ಕೋನವನ್ನು ಹಿಂಬಾಲಿಸುತ್ತದೆ, ಕರೆಂಟ್ ಮತ್ತೆ ಬದಲಾಗುತ್ತದೆ. ಈ ಸುತ್ತು ತಣಿಯದಿದ್ದರೆ ವೋಲ್ಟೇಜ್ ಮತ್ತು ರಿಯಾಕ್ಟಿವ್ ಪವರ್ ಸೆಕೆಂಡಿಗೆ ಹಲವು ಸಲ ಮೇಲೆ ಕೆಳಗೆ ಹೊಯ್ದಾಡುತ್ತವೆ. ಪಿಎಲ್‌ಎಲ್ ಎಷ್ಟು ಚುರುಕಾಗಿದೆಯೋ ಅಷ್ಟು ಅಪಾಯ.

ಇನ್ನೊಂದು ಬಗೆಯ ಹೊಯ್ದಾಟ ಎಲ್‌ವಿಆರ್‌ಟಿಯಿಂದ, ಅಂದರೆ ವೋಲ್ಟೇಜ್ ಕುಸಿದಾಗಲೂ ಟ್ರಿಪ್ ಆಗದೆ ಗ್ರಿಡ್‌ಗೆ ಅಂಟಿಕೊಂಡಿರುವ ವ್ಯವಸ್ಥೆಯಿಂದ ಬರುತ್ತದೆ. ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಇಳಿದರೆ ಇನ್ವರ್ಟರ್ ಫಾಲ್ಟ್ ಅಂತ ತಿಳಿದು ರಿಯಾಕ್ಟಿವ್ ಕರೆಂಟ್ ತುಂಬುತ್ತದೆ. ದುರ್ಬಲ ಬಸ್ ಆದ್ದರಿಂದ ವೋಲ್ಟೇಜ್ ಥಟ್ಟನೆ ಮೇಲೆ ಹಾರುತ್ತದೆ. ಇನ್ವರ್ಟರ್ 'ಫಾಲ್ಟ್ ಮುಗಿಯಿತು' ಅಂತ ಹೊರಬರುತ್ತದೆ, ರಿಯಾಕ್ಟಿವ್ ನಿಲ್ಲಿಸಿ ಆಕ್ಟಿವ್ ಪವರ್ ಏರಿಸುತ್ತದೆ. ವೋಲ್ಟೇಜ್ ಮತ್ತೆ ಇಳಿಯುತ್ತದೆ, ಇನ್ವರ್ಟರ್ ಮತ್ತೆ ಒಳಗೆ. ಒಂದೇ ಫಾಲ್ಟ್‌ಗೆ ಹತ್ತಾರು ಎಲ್‌ವಿಆರ್‌ಟಿ ಎಂಟ್ರಿ ಲಾಗ್‌ನಲ್ಲಿ ಕಂಡರೆ ಇದೇ ಆಗಿರುವ ಸಾಧ್ಯತೆ ಜಾಸ್ತಿ. ಹಾಗೆ ಹಾರಿದ ವೋಲ್ಟೇಜ್ ಮೇಲಿನ ಮಿತಿ ದಾಟಿದರೆ ಪ್ಲಾಂಟ್ ಓವರ್‌ವೋಲ್ಟೇಜ್‌ನಲ್ಲಿ ಟ್ರಿಪ್ ಆಗುವುದೂ ಉಂಟು.

ಇದು ನಿಜವಾಗಿ ಎಲ್ಲಾದರೂ ಆಗಿದೆಯಾ?

ಆಗಿದೆ. ಆಸ್ಟ್ರೇಲಿಯಾದ ವೆಸ್ಟ್ ಮರ್ರಿ ಪ್ರದೇಶದ ಕಥೆ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆ ಮತ್ತು ಅದಕ್ಕೆ ತಾಗಿದ ನ್ಯೂ ಸೌತ್ ವೇಲ್ಸ್ ಭಾಗ. ಬಿಸಿಲು ಚೆನ್ನಾಗಿದೆ, ನೆಲ ಅಗ್ಗ, ಜನ ಕಡಿಮೆ. ಉದ್ದನೆಯ 220 ಕೆವಿ ಲೈನ್‌ಗಳು, ದೊಡ್ಡ ಜನರೇಟರ್‌ಗಳೆಲ್ಲ ನೂರಾರು ಕಿ.ಮೀ. ಆಚೆ. ಸೋಲಾರ್ ಪ್ಲಾಂಟ್‌ಗಳು ಒಂದರ ಹಿಂದೆ ಒಂದು ಬಂದವು.

2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗ್ರಿಡ್ ನಿರ್ವಾಹಕ ಸಂಸ್ಥೆ ಏಮೋ ಐದು ಪ್ಲಾಂಟ್‌ಗಳ ಉತ್ಪಾದನೆಯನ್ನು ಅರ್ಧಕ್ಕೆ ಇಳಿಸಿತು: ಕರಡಾಕ್, ವೆಮೆನ್, ಬ್ಯಾನರ್ಟನ್, ಗನ್ನವಾರ ಮತ್ತು ಬ್ರೋಕನ್ ಹಿಲ್. ಆ ಭಾಗದ ಒಂದು ಲೈನ್ ಹೋದರೆ ವೋಲ್ಟೇಜ್ ಹೊಯ್ದಾಟ ತಣಿಯುವುದಿಲ್ಲ ಅಂತ ವಿವರವಾದ ಸಿಮ್ಯುಲೇಷನ್‌ನಲ್ಲಿ ಕಂಡಿತ್ತು. ನಿರ್ಬಂಧ ತೆರವಾದದ್ದು 2020ರ ಏಪ್ರಿಲ್ ಕೊನೆಯ ಹೊತ್ತಿಗೆ. ಹೊಸ ಲೈನ್ ಎಳೆಯಲಿಲ್ಲ, ಹೊಸ ಯಂತ್ರವನ್ನೂ ತರಲಿಲ್ಲ. ಇನ್ವರ್ಟರ್ ಸೆಟ್ಟಿಂಗ್ ಬದಲಿಸಿ, ಮಾಡೆಲ್‌ನಲ್ಲಿ ಪರೀಕ್ಷಿಸಿ, ಸೈಟ್‌ನಲ್ಲಿ ಹಾಕಿದರು. ಸುಮಾರು ಏಳು ತಿಂಗಳು ಅರ್ಧ ಆದಾಯದಲ್ಲಿ ಕೂತ ಪ್ಲಾಂಟ್ ಮಾಲೀಕರ ಪಾಡು ಊಹಿಸಿಕೊಳ್ಳಬಹುದು.

ಅಲ್ಲಿಗೇ ಮುಗಿಯಲಿಲ್ಲ. ನಂತರದ ವರ್ಷಗಳಲ್ಲಿ ಅದೇ ಪ್ರದೇಶದಲ್ಲಿ ಸೆಕೆಂಡಿಗೆ 15ರಿಂದ 20 ಸಲದಷ್ಟು ವೇಗದ ವೋಲ್ಟೇಜ್ ಹೊಯ್ದಾಟ ಅಳತೆಗೆ ಸಿಕ್ಕಿತು. ಅಲ್ಲಿ ಇನ್ವರ್ಟರ್‌ಗಳ ಮೇಲೆ ಬಂದ ನಿಯಮಗಳಲ್ಲಿ ಒಂದು ಗಮನಿಸುವಂಥದ್ದು. ಎಷ್ಟು ಮೆಗಾವ್ಯಾಟ್ ಅನ್ನುವುದಷ್ಟೇ ಅಲ್ಲ, ಎಷ್ಟು ಇನ್ವರ್ಟರ್ ಆನ್ ಇರಬಹುದು ಅನ್ನುವುದಕ್ಕೂ ಮಿತಿ ಹಾಕಿದರು. ಮೋಡ ಕವಿದು ಉತ್ಪಾದನೆ ಇಳಿದರೂ ಆನ್ ಇರುವ ಇನ್ವರ್ಟರ್‌ನ ಕಂಟ್ರೋಲ್ ಲೂಪ್ ಓಡುತ್ತಲೇ ಇರುತ್ತದಲ್ಲ!

ನಮ್ಮ ಪ್ಲಾಂಟ್‌ನಲ್ಲಿ ಹೀಗಾಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಸ್ಕಾಡಾ ಟ್ರೆಂಡ್ ನೋಡಿ ಗೊತ್ತಾಗುವುದಿಲ್ಲ. ಸೆಕೆಂಡಿಗೊಂದು ಅಥವಾ ಅದಕ್ಕೂ ನಿಧಾನವಾದ ಅಳತೆಯಲ್ಲಿ ಸೆಕೆಂಡಿಗೆ ಏಳೆಂಟು ಸಲದ ಹೊಯ್ದಾಟ ಸುಮ್ನೆ ಗದ್ದಲದಂತೆ ಕಾಣುತ್ತದೆ, ಅಥವಾ ಕಾಣುವುದೇ ಇಲ್ಲ. ಸೆಕೆಂಡಿಗೆ ಹಲವು ಸಲ ಅಳೆಯುವ ಪಿಎಂಯು, ಪವರ್ ಕ್ವಾಲಿಟಿ ಮೀಟರ್ ಅಥವಾ ಡಿಸ್ಟರ್ಬೆನ್ಸ್ ರೆಕಾರ್ಡರ್ ಬೇಕು.

ಹೊಯ್ದಾಟ ಸಿಕ್ಕಿದರೆ ಅದು ಯಾವಾಗ ಬರುತ್ತದೆ ಅಂತ ನೋಡಿ. ಲೈನ್ ಔಟೇಜ್ ದಿನಗಳಲ್ಲಿ ಮಾತ್ರವೇ? ಮಧ್ಯಾಹ್ನ ಮಾತ್ರವೇ? ಗ್ರಿಡ್ ನಿರ್ವಾಹಕರ ಒಪ್ಪಿಗೆ ಪಡೆದು ಅರ್ಧ ಇನ್ವರ್ಟರ್‌ಗಳನ್ನು ಆಫ್ ಮಾಡಿದಾಗ ಅದು ತಣಿದರೆ, ನಿಮ್ಮ ಪ್ಲಾಂಟ್‌ಗೆ ಅದರಲ್ಲಿ ಪಾಲಿದೆ. ಏನೂ ಬದಲಾಗದಿದ್ದರೆ ಮೂಲ ಬೇರೆ ಕಡೆ ಇರಬಹುದು. ವೋಲ್ಟೇಜ್ ಮತ್ತು ರಿಯಾಕ್ಟಿವ್ ಪವರ್ ಒಂದರ ಜೊತೆ ಒಂದು ಹೇಗೆ ಏರಿಳಿಯುತ್ತವೆ ಅನ್ನುವುದೂ ಸುಳಿವು ಕೊಡುತ್ತದೆ. ವೋಲ್ಟೇಜ್ ಇಳಿದಾಗ ಪ್ಲಾಂಟ್ ರಿಯಾಕ್ಟಿವ್ ಏರಿಸುತ್ತಿದ್ದರೆ ಅದು ತಡೆಯಲು ನೋಡುತ್ತಿದೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಪ್ಲಾಂಟೇ ತಳ್ಳುತ್ತಿದೆ ಅಂತ ಅನುಮಾನ ಪಡಬೇಕು.

ಕೆಪಾಸಿಟರ್ ಬ್ಯಾಂಕ್ ಹಾಕಿದರೆ ವೋಲ್ಟೇಜ್ ಏರುತ್ತದೆ, ಸಾಕಲ್ವಾ?

ಸಾಲದು. ಕೆಲವೊಮ್ಮೆ ಅದರಿಂದಲೇ ಕೆಡುತ್ತದೆ. ಕೆಪಾಸಿಟರ್ ನಿಂತ ಸ್ಥಿತಿಯ ವೋಲ್ಟೇಜ್ ಏರಿಸುತ್ತದೆ, ಗ್ರಿಡ್ಡನ್ನು ಗಟ್ಟಿ ಮಾಡುವುದಿಲ್ಲ. ಅದು ಕೊಡುವ ರಿಯಾಕ್ಟಿವ್ ಪವರ್ ವೋಲ್ಟೇಜ್‌ನ ವರ್ಗದಷ್ಟು. ವೋಲ್ಟೇಜ್ 0.8 ಆದಾಗ, ಅಂದರೆ ಸಹಾಯ ಬೇಕಾದಾಗ, 64% ಮಾತ್ರ ಸಿಗುತ್ತದೆ. ಫಾಲ್ಟ್ ಹೋಗಿ ಪ್ಲಾಂಟ್ ಇನ್ನೂ ಪವರ್ ಕೊಡದ ಆ ಹೊತ್ತಿನಲ್ಲಿ ಕೆಪಾಸಿಟರ್ ಹಾಗೇ ಕೂತಿದ್ದು ಓವರ್‌ವೋಲ್ಟೇಜ್‌ಗೆ ಕಾರಣವಾಗುತ್ತದೆ. ಎಚ್‌ವಿಡಿಸಿಯವರು ಫಾಲ್ಟ್ ಲೆವೆಲ್‌ನಿಂದ ಕೆಪಾಸಿಟರ್‌ನ ಎಂವಿಎಆರ್ ಕಳೆದೇ ಎಸ್‌ಸಿಆರ್ ಲೆಕ್ಕ ಹಾಕುವುದು ಇದಕ್ಕಾಗಿ.

ಸ್ಟ್ಯಾಟ್‌ಕಾಮ್ ಇದಕ್ಕಿಂತ ಎಷ್ಟೋ ವಾಸಿ, ರಿಯಾಕ್ಟಿವ್ ಪವರ್ ಕೊಡುವುದು ಮತ್ತು ಹೀರುವುದು ಎರಡನ್ನೂ ವೇಗವಾಗಿ ಮಾಡುತ್ತದೆ. ಆದರೆ ಅದೂ ಒಂದು ಇನ್ವರ್ಟರೇ. ಫಾಲ್ಟ್ ಲೆವೆಲ್ ಹೆಚ್ಚಿಸುವುದಿಲ್ಲ, ಪಕ್ಕದ ಕಂಟ್ರೋಲರ್‌ಗಳ ಜೊತೆ ಜಗಳವಾಡಬಹುದು.

ಹಾಗಾದರೆ ಗ್ರಿಡ್ಡನ್ನು ಗಟ್ಟಿ ಮಾಡುವುದು ಯಾವುದು?

ಹೊಸ ಲೈನ್ ಅಥವಾ ಹೆಚ್ಚುವರಿ ಟ್ರಾನ್ಸ್‌ಫಾರ್ಮರ್ ಎಲ್ಲಕ್ಕಿಂತ ನೇರವಾದ ದಾರಿ, ಆದರೆ ವರ್ಷಗಟ್ಟಲೆ ಕಾಯಬೇಕು. ನಂತರದ್ದು ಸಿಂಕ್ರೊನಸ್ ಕಂಡೆನ್ಸರ್. ಇದು ಟರ್ಬೈನ್ ಇಲ್ಲದೆ ಸುಮ್ನೆ ತಿರುಗುವ ಸಿಂಕ್ರೊನಸ್ ಯಂತ್ರ. ಟ್ರಾನ್ಸ್‌ಫಾರ್ಮರ್ ಸೇರಿಸಿ ನೋಡಿದರೆ ತನ್ನ ರೇಟಿಂಗ್‌ನ ಮೂರು ನಾಲ್ಕು ಪಟ್ಟು ಫಾಲ್ಟ್ ಲೆವೆಲ್ ಕೊಡುತ್ತದೆ. ನಮ್ಮ ಬಸ್‌ನಲ್ಲಿ 60 ಎಂವಿಎ ಯಂತ್ರ ಕೂರಿಸಿದರೆ ಸುಮಾರು 220 ಎಂವಿಎ ಸೇರುತ್ತದೆ. 718 ಇದ್ದದ್ದು 938 ಆಗಿ, ಒಂದೇ ಲೈನ್ ಇದ್ದಾಗಲೂ ಎಸ್‌ಸಿಆರ್ 4.7 ಬರುತ್ತದೆ. ವೆಸ್ಟ್ ಮರ್ರಿಯ ಕಿಯಾಮಲ್ ಸೋಲಾರ್ ಪ್ಲಾಂಟ್ ತನ್ನದೇ 190 ಎಂವಿಎಆರ್ ಸಿಂಕ್ರೊನಸ್ ಕಂಡೆನ್ಸರ್ ಇಟ್ಟುಕೊಂಡಿದೆ. ಸೌತ್ ಆಸ್ಟ್ರೇಲಿಯಾದಲ್ಲಿ ಟ್ರಾನ್ಸ್‌ಮಿಷನ್ ಕಂಪನಿಯೇ ನಾಲ್ಕು ಯಂತ್ರ ಹಾಕಿ 2021ರಲ್ಲಿ ಚಾಲೂ ಮಾಡಿತು. ಖರ್ಚು ದೊಡ್ಡದು, ತಿರುಗುವ ಯಂತ್ರ ಆದ್ದರಿಂದ ನಷ್ಟ ಮತ್ತು ಮೇಂಟೆನೆನ್ಸ್ ಕೂಡ ಇದೆ.

ಬ್ಯಾಟರಿ ಜೊತೆ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಇನ್ನೊಂದು ದಾರಿ. ಅದು ವೋಲ್ಟೇಜನ್ನು ಹಿಂಬಾಲಿಸುವ ಬದಲು ತಾನೇ ವೋಲ್ಟೇಜ್ ಕಟ್ಟುತ್ತದೆ, ಹಾಗಾಗಿ ದುರ್ಬಲ ಗ್ರಿಡ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಕರೆಂಟ್ ಮಿತಿ ಅದಕ್ಕೂ ಇದೆ. ಫಾಲ್ಟ್‌ನಲ್ಲಿ ಯಂತ್ರದಷ್ಟು ಕರೆಂಟ್ ಕೊಡಲಾರದು. ಡಿಸ್ಟೆನ್ಸ್ ರಿಲೇಗಳಿಗೆ ಬೇಕಾದ ಫಾಲ್ಟ್ ಕರೆಂಟ್ ಪ್ರಶ್ನೆ ಹಾಗೇ ಉಳಿಯುತ್ತದೆ.

ಸೆಟ್ಟಿಂಗ್ ಬದಲಿಸುವುದು ಅಂದರೆ ಏನನ್ನು ಬದಲಿಸುತ್ತಾರೆ?

ಸಾಮಾನ್ಯವಾಗಿ ಪಿಎಲ್‌ಎಲ್ ನಿಧಾನ ಮಾಡುತ್ತಾರೆ, ವೋಲ್ಟೇಜ್ ಲೂಪ್‌ನ ಗೇನ್ ಇಳಿಸುತ್ತಾರೆ, ಫಾಲ್ಟ್ ನಂತರ ಆಕ್ಟಿವ್ ಪವರ್ ಏರುವ ವೇಗ ತಗ್ಗಿಸುತ್ತಾರೆ, ಎಲ್‌ವಿಆರ್‌ಟಿ ಒಳಹೋಗುವ ಮತ್ತು ಹೊರಬರುವ ಮಟ್ಟಗಳ ನಡುವೆ ಅಂತರ ಇಡುತ್ತಾರೆ. ಎಲ್ಲಕ್ಕೂ ಬೆಲೆ ಇದೆ. ಪಿಎಲ್‌ಎಲ್ ತೀರಾ ನಿಧಾನವಾದರೆ ಫಾಲ್ಟ್ ಹೊತ್ತಿನಲ್ಲಿ ಕೋನ ಥಟ್ಟನೆ ಜಿಗಿದಾಗ ಹಿಡಿಯಲಾಗದೆ ಟ್ರಿಪ್ ಆಗುತ್ತದೆ. ಪವರ್ ನಿಧಾನವಾಗಿ ಬಂದರೆ ಗ್ರಿಡ್ ಫ್ರೀಕ್ವೆನ್ಸಿಗೆ ಹೊರೆ.

ಮೇಲೆ ಕೂತ ಪವರ್ ಪ್ಲಾಂಟ್ ಕಂಟ್ರೋಲರನ್ನು ಮರೆಯುವವರೇ ಜಾಸ್ತಿ. ಅದೂ ವೋಲ್ಟೇಜ್ ನೋಡುತ್ತದೆ, ಇನ್ವರ್ಟರ್ ಕೂಡ ತನ್ನ ಮಟ್ಟದಲ್ಲಿ ನೋಡುತ್ತದೆ. ಫಾಲ್ಟ್ ಹೊತ್ತಿನಲ್ಲಿ ಪ್ಲಾಂಟ್ ಕಂಟ್ರೋಲರ್ ತನ್ನ ಆದೇಶವನ್ನು ಫ್ರೀಜ್ ಮಾಡದಿದ್ದರೆ, ಫಾಲ್ಟ್ ಮುಗಿದ ಮೇಲೆ ಹಳೆಯ ದೊಡ್ಡ ರಿಯಾಕ್ಟಿವ್ ಆದೇಶ ತಡವಾಗಿ ಬಂದು ವೋಲ್ಟೇಜನ್ನು ಮೇಲಕ್ಕೆ ಎಸೆಯುತ್ತದೆ.

PSS/E ಸ್ಟಡಿ ಪಾಸಾಗಿದೆ. ಮತ್ತೆ PSCAD ಯಾಕೆ?

ಎರಡೂ ಗ್ರಿಡ್ ಸಿಮ್ಯುಲೇಷನ್ ಸಾಫ್ಟ್‌ವೇರ್‌ಗಳೇ. PSS/Eಯಲ್ಲಿ ಸಾಮಾನ್ಯವಾಗಿ ಮಾಡುವ ಸ್ಟಡಿ ವೋಲ್ಟೇಜ್ ಮತ್ತು ಕರೆಂಟಿನ ಆರ್‌ಎಂಎಸ್ ಬೆಲೆ ನೋಡುತ್ತದೆ. ಅಲೆಯ ಒಳಗೆ ಏನಾಗುತ್ತದೆ, ಪಿಎಲ್‌ಎಲ್ ಹೇಗೆ ಓಡುತ್ತದೆ ಅನ್ನುವ ವಿವರ ಅದರಲ್ಲಿ ಇರುವುದಿಲ್ಲ ಅಥವಾ ಸರಳವಾಗಿರುತ್ತದೆ. ಗಟ್ಟಿ ಗ್ರಿಡ್‌ಗೆ ಅದು ಸಾಕು. ಎಸ್‌ಸಿಆರ್ 3ರ ಆಸುಪಾಸಿಗೆ ಬಂದರೆ ನಾನಂತೂ ಅದನ್ನು ನಂಬುವುದಿಲ್ಲ. PSCADನಲ್ಲಿ ಇನ್ವರ್ಟರ್ ಕಂಪನಿಯ ನಿಜವಾದ ಕೋಡ್ ಇರುವ ಮಾಡೆಲ್ ಹಾಕಬೇಕು, ಅದರ ಸೆಟ್ಟಿಂಗ್ ಸೈಟ್‌ನಲ್ಲಿರುವುದಕ್ಕೆ ಹೊಂದಬೇಕು. ಪಕ್ಕದ ಪ್ಲಾಂಟ್‌ಗಳ ಮಾಡೆಲ್ ಕೂಡ ಅದೇ ಫೈಲ್‌ನಲ್ಲಿ ಇರಬೇಕು. ಪಕ್ಕದವರದ್ದು ಸಿಗುವುದೇ ದೊಡ್ಡ ತಲೆನೋವು, ಯಾಕೆಂದರೆ ಕಂಪನಿಗಳು ಅದನ್ನು ಗುಟ್ಟಾಗಿ ಇಡುತ್ತವೆ.

ಪಾವಗಡದಂಥ ದೊಡ್ಡ ಪಾರ್ಕ್‌ಗೆ ಈ ಲೆಕ್ಕ ಹೇಗೆ?

ಪಾವಗಡ ಪಾರ್ಕ್ 2050 ಮೆಗಾವ್ಯಾಟ್. ಎಸ್‌ಸಿಆರ್ 5 ಬೇಕೆಂದರೆ 10,250 ಎಂವಿಎ ಫಾಲ್ಟ್ ಲೆವೆಲ್ ಬೇಕು. 400 ಕೆವಿಯಲ್ಲಿ ಅದು ಸುಮಾರು 14.8 ಕಿಲೊ ಆಂಪಿಯರ್. ಇಷ್ಟು ದೊಡ್ಡ ಪಾರ್ಕನ್ನು 400 ಕೆವಿ ಜಾಲಕ್ಕೆ ಜೋಡಿಸುವುದಕ್ಕೆ ಲೈನ್ ಸಾಮರ್ಥ್ಯದ ಜೊತೆಗೆ ಇದೂ ಕಾರಣ. 220 ಕೆವಿ ಬಸ್‌ನಲ್ಲಿ ಅಷ್ಟೇ ಎಂವಿಎಗೆ 27 ಕಿಲೊ ಆಂಪಿಯರ್ ಬೇಕಾಗುತ್ತಿತ್ತು. ದೊಡ್ಡ ಪಾರ್ಕ್ ಎಂದ ಮಾತ್ರಕ್ಕೆ ಗ್ರಿಡ್ ದುರ್ಬಲ ಅಂತಲ್ಲ, ಚಿಕ್ಕ ಪ್ಲಾಂಟ್ ಎಂದ ಮಾತ್ರಕ್ಕೆ ಕ್ಷೇಮ ಅಂತಲೂ ಅಲ್ಲ. ಉದ್ದದ 66 ಕೆವಿ ಲೈನ್‌ನ ತುದಿಯಲ್ಲಿ ಫಾಲ್ಟ್ ಲೆವೆಲ್ 100 ಎಂವಿಎ ಮಾತ್ರ ಇದ್ದರೆ 30 ಮೆಗಾವ್ಯಾಟ್ ಪ್ಲಾಂಟ್‌ಗೂ 3.3 ಅಷ್ಟೇ ಸಿಗುತ್ತದೆ.

ಅರ್ಜಿ ಹಾಕುವ ಮೊದಲು ಏನು ಕೇಳಿ ತಿಳಿದುಕೊಳ್ಳಬೇಕು?

ಆ ಬಸ್‌ನ ಕನಿಷ್ಠ ಫಾಲ್ಟ್ ಲೆವೆಲ್, ಮತ್ತು ಅದು ಯಾವ ಲೈನ್ ಮತ್ತು ಯಾವ ಜನರೇಟರ್ ಇಲ್ಲದಾಗಿನ ಲೆಕ್ಕ ಅನ್ನುವುದು. ಅದೇ ಬಸ್‌ನಲ್ಲಿ ಮತ್ತು ಹತ್ತಿರದಲ್ಲಿ ಈಗಾಗಲೇ ಎಷ್ಟು ಇನ್ವರ್ಟರ್ ಪ್ಲಾಂಟ್ ಇದೆ, ಇನ್ನೆಷ್ಟಕ್ಕೆ ಒಪ್ಪಿಗೆ ಆಗಿದೆ. ಇನ್ವರ್ಟರ್ ಕಂಪನಿಯಿಂದ ಟರ್ಮಿನಲ್‌ನಲ್ಲಿ ಎಷ್ಟು ಎಸ್‌ಸಿಆರ್‌ವರೆಗೆ ಪರೀಕ್ಷಿಸಿದ್ದಾರೆ ಅನ್ನುವುದರ ವರದಿ, ಜೊತೆಗೆ PSCADಗೆ ಬೇಕಾದ ಇಎಂಟಿ ಮಾಡೆಲ್ ಕೊಡುವ ಮಾತು ಖರೀದಿ ಒಪ್ಪಂದದಲ್ಲೇ ಇರಲಿ. ಹಣ ಕೊಟ್ಟು ಮುಗಿದ ಮೇಲೆ ಮಾಡೆಲ್ ಕೇಳಿದರೆ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.